ಗುಂಡಿ ಫೋಟೊಗೆ ಬರೆದ ಸಾಲಿಗೆ ಯಾರೂ ನಗಲಿಲ್ಲ. ಎಲ್ಲಿ ತಪ್ಪಿದೆ?

ಮೂರನೇ ಅಡ್ಡರಸ್ತೆ

ನಮ್ಮ ಬೀದಿಯಲ್ಲಿ ಪೈಪ್ ಹಾಕಲು ರಸ್ತೆ ಅಗೆದು 18 ದಿನ ಆಯಿತು. ಪೈಪ್ ಬಂತು, ಜನ ಹೋದರು, ಗುಂಡಿ ಉಳಿಯಿತು. ಸುಮ್ನೆ ಬೈಯುವ ಬದಲು ಒಂದು ಮೀಮ್ ಮಾಡೋಣ ಅಂತ ಫೋಟೊ ತೆಗೆದು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಕೆಳಗೆ ಹೀಗೆ ಬರೆದಿದ್ದೆ:

"ಒಂದು 'ಗುಂಡಿ' ಒತ್ತಿದ್ದಕ್ಕೆ ಎಷ್ಟೊಂದು 'ಗುಂಡಿ' ಸಿಕ್ಕಿತು ನೋಡಿ!!"

ಮತಯಂತ್ರದ ಗುಂಡಿ, ರಸ್ತೆಯ ಗುಂಡಿ. ಕೊನೆಗೆ ಮೂರು ನಗುವ ಮುಖ ಬೇರೆ ಹಾಕಿದ್ದೆ. ಗುಂಪಿನಲ್ಲಿ 140 ಜನ ಇದ್ದಾರೆ. ಇಬ್ಬರು ಹೆಬ್ಬೆರಳು ತೋರಿಸಿದರು, ಒಬ್ಬರು "ಇಲ್ಲಿ ರಾಜಕೀಯ ಬೇಡ" ಅಂದರು. ಒಬ್ಬರೂ ನಗಲಿಲ್ಲ. ಪದ ಒಳ್ಳೆಯದೇ ಸಿಕ್ಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಹಾಗಾದರೆ ಕೆಟ್ಟಿದ್ದು ಎಲ್ಲಿ?

ನಾಗರಿಕ ಪ್ರಜ್ಞೆ

18 ದಿನ ಅಂದರೆ ತುಂಬಾ ಆಯಿತು. ಫೋಟೊ ಜೊತೆ ಲಿಖಿತವಾಗಿ ದೂರು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಅಕ್ಕಪಕ್ಕದ ಹತ್ತು ಮನೆಯವರ ಸಹಿ ಇದ್ದರೆ ಬೇಗ ಕೆಲಸ ಆಗುತ್ತದೆ. ನಮ್ಮ ಬೀದಿಯಲ್ಲಿ ಹಾಗೇ ಮಾಡಿದ್ದು.

ಮೂರನೇ ಅಡ್ಡರಸ್ತೆ

ಸರ್, ದೂರು ಕೊಟ್ಟಾಗಿದೆ. ಇಲ್ಲಿ ನಾನು ಕೇಳಿದ್ದು ಜೋಕ್ ಬಗ್ಗೆ.

ಹಳೇ ಡೆಸ್ಕ್

ನಾನು 22 ವರ್ಷ ಪತ್ರಿಕೆಯ ಡೆಸ್ಕ್‌ನಲ್ಲಿದ್ದವಳು. ಫೋಟೊ ಕೆಳಗಿನ ಸಾಲು ಬರೆಯುವುದೇ ಕೆಲಸವಾಗಿತ್ತು. ನಿಮ್ಮ ಸಾಲಿನ ತೊಂದರೆ ಏನು ಅಂದರೆ, ಅದಕ್ಕೆ ಫೋಟೊ ಬೇಕಾಗಿಯೇ ಇಲ್ಲ. ಫೋಟೊ ಮುಚ್ಚಿ ಸಾಲು ಮಾತ್ರ ಯಾರಿಗಾದರೂ ಓದಿ ಹೇಳಿ. ಇಡೀ ಜೋಕ್ ಅಲ್ಲೇ ಇದೆ. ಗುಂಡಿ ಅನ್ನುವ ಪದ ಎರಡು ಸಲ ಬಂದಿದೆ, ಎರಡು ಅರ್ಥವನ್ನೂ ನೀವೇ ಹೇಳಿಬಿಟ್ಟಿದ್ದೀರಿ. ಫೋಟೊ ಸುಮ್ಮನೆ ಸಾಕ್ಷಿ ಹೇಳಲು ಬಂದು ನಿಂತಿದೆ.

ಒಂದು ಅರ್ಥ ಸಾಲಿನಲ್ಲಿರಬೇಕು, ಇನ್ನೊಂದು ಫೋಟೊದಲ್ಲಿರಬೇಕು. ಓದುವವರು ಎರಡನ್ನೂ ತಾವೇ ಕೂಡಿಸಬೇಕು. ನಗು ಬರುವುದು ಹಾಗೆ ಕೂಡಿಸಿದ ಗಳಿಗೆಯಲ್ಲಿ. ನೀವು ಕೂಡಿಸಿ, ಲೆಕ್ಕ ಬರೆದು, ಅಡಿಗೆರೆ ಎಳೆದು ಕೊಟ್ಟಿದ್ದೀರಿ. ಆ ಉದ್ಧರಣ ಚಿಹ್ನೆ ಇನ್ನೂ ಕೆಟ್ಟದ್ದು. "ಇಲ್ಲಿ ಜೋಕ್ ಇದೆ, ಎಚ್ಚರ" ಅಂತ ಬೋರ್ಡ್ ನೆಟ್ಟ ಹಾಗೆ.

ಪದ ಮಾತ್ರ ಒಳ್ಳೆಯದು. ಬಿಡಬೇಡಿ.

ಟ್ರೋಲ್ ತಮ್ಮ

ಅಕ್ಕ ಹೇಳಿದ್ದು ಸರಿ. ನಾನು ಒಂದು ಪೇಜ್ ನಡೆಸುತ್ತೇನೆ, ದಿನಕ್ಕೆ ಎರಡು ಮೂರು ಪೋಸ್ಟ್ ಹಾಕುತ್ತೇನೆ. ಹೊಸಬರು ಕಳಿಸುವ ಹತ್ತರಲ್ಲಿ ಎಂಟು ಹೀಗೇ ಇರುತ್ತವೆ, ಪದವನ್ನು ಎರಡು ಸಲ ಹಾಕಿರುತ್ತಾರೆ.

ನೀವು "ಗುಂಡಿ ಒತ್ತಿ ಬಂದೆ" ಅಂತ ಮೂರೇ ಪದ ಬರೆದಿದ್ದರೂ ಸಾಕಿತ್ತು. ರಸ್ತೆ ಗುಂಡಿಯನ್ನು ಫೋಟೊ ಹೇಳುತ್ತದೆ, ಮತಯಂತ್ರದ್ದನ್ನು ಸಾಲು ಹೇಳುತ್ತದೆ.

ಕನ್ನಡ ಮೇಷ್ಟ್ರು

ಇದೇನು ಹೊಸದಲ್ಲ. ನಮ್ಮ ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಶ್ಲೇಷೆ ಅನ್ನುತ್ತಾರೆ. ಹಳೆಯ ಕವಿಗಳು ಚಿತ್ರದ ಹಂಗಿಲ್ಲದೆ ಒಂದೇ ಪದ್ಯಕ್ಕೆ ಎರಡು ಕಥೆ ಹೊರಿಸುತ್ತಿದ್ದರು. ಒಳ್ಳೆಯ ಶ್ಲೇಷೆಗೆ ಚಿತ್ರ ಯಾಕೆ ಬೇಕು? ಚಿತ್ರ ಬೇಕಾಯಿತು ಅಂದರೆ ಪದಕ್ಕೆ ಶಕ್ತಿ ಸಾಲಲಿಲ್ಲ ಅಂತ ಅರ್ಥ.

ಹಳೇ ಡೆಸ್ಕ್

ಮೇಷ್ಟ್ರೇ, ಶ್ಲೇಷೆ ಅನ್ನುವುದು ಸರಿ. ಚಿತ್ರ ಬೇಡ ಅನ್ನುವುದನ್ನು ಮಾತ್ರ ಒಪ್ಪಲಾರೆ. ಪದ್ಯದಲ್ಲಿ ಎರಡನೇ ಅರ್ಥ ಇದೆ ಅಂತ ಸೂಚಿಸಲು ಕವಿ ಮುಂಚೆ ನಾಲ್ಕು ಸಾಲು ಕಟ್ಟುತ್ತಾನೆ. ಓದುಗನೂ ತಯಾರಾಗಿ ಕೂತಿರುತ್ತಾನೆ. ಮೀಮ್ ನೋಡುವವನು ಬಸ್ಸಿನಲ್ಲಿ ನೇತಾಡುತ್ತಾ ಹೆಬ್ಬೆರಳಲ್ಲಿ ತಳ್ಳುತ್ತಿರುತ್ತಾನೆ. ಆ ನಾಲ್ಕು ಸಾಲಿನ ಕೆಲಸವನ್ನು ಫೋಟೊ ಒಂದು ಸೆಕೆಂಡಿನಲ್ಲಿ ಮಾಡುತ್ತದೆ.

ಚಿತ್ರದ ಕೆಳಗೆ ಒಂದು ಸಾಲು ಬರೆಯುವುದೂ ನಮ್ಮಲ್ಲಿ ಹೊಸದಲ್ಲ. 1942ರಲ್ಲಿ ರಾಶಿಯವರು ಕೊರವಂಜಿ ಹಾಸ್ಯಪತ್ರಿಕೆ ಶುರು ಮಾಡಿದಾಗ ಅದಕ್ಕೆ ಆರ್.ಕೆ. ಲಕ್ಷ್ಮಣ್ ಚಿತ್ರ ಬರೆಯುತ್ತಿದ್ದರು. ಗೆರೆಗೂ ಮಾತಿಗೂ ಆಗಿನಿಂದಲೂ ನೆಂಟಸ್ತನ ಇದೆ.

ಇನ್ನು ತಮ್ಮನ "ಗುಂಡಿ ಒತ್ತಿ ಬಂದೆ" ಬಗ್ಗೆ. ನಿಮ್ಮದಕ್ಕಿಂತ ಎಷ್ಟೋ ವಾಸಿ. ಆದರೂ ಅದು ಅರ್ಧ ಜೋಕ್. 'ಒತ್ತು' ಅನ್ನುವ ಕ್ರಿಯಾಪದ ಮತಯಂತ್ರದ ಪಕ್ಷಕ್ಕೇ ಸೇರಿದ್ದು. ರಸ್ತೆ ಗುಂಡಿಯನ್ನು ಯಾರೂ ಒತ್ತುವುದಿಲ್ಲ. ಹಾಗಾಗಿ ಸಾಲು ಫೋಟೊದ ಜೊತೆ ನಿಲ್ಲುವುದಿಲ್ಲ, ಪಕ್ಕದಲ್ಲಿ ನಿಲ್ಲುತ್ತದೆ.

ಎಲ್ಲರೂ ಎರಡರ್ಥದ ನಾಮಪದ ಹುಡುಕುತ್ತಾರೆ. ಅದು ಸುಲಭ, ನಿಘಂಟಿನ ತುಂಬಾ ಇವೆ. ಕಷ್ಟ ಇರುವುದು ಕ್ರಿಯಾಪದದಲ್ಲಿ. ಎರಡು ಅರ್ಥಕ್ಕೂ ಹೊಂದುವ ಕ್ರಿಯಾಪದ ಸಿಗಬೇಕು. ಉದಾಹರಣೆಗೆ 'ಕಲೆ' ತೆಗೆದುಕೊಳ್ಳಿ. ಯಕ್ಷಗಾನವೂ ಕಲೆ, ಬಿಳಿ ಪಂಚೆ ಮೇಲೆ ಸಾಂಬಾರ್ ಚೆಲ್ಲಿದರೂ ಕಲೆ. "ನನಗೆ ಕಲೆ ಇಷ್ಟ" ಅಂತ ಬರೆದು ಪಂಚೆ ಫೋಟೊ ಹಾಕಿದರೆ ಏನೂ ಆಗುವುದಿಲ್ಲ, ಸಾಂಬಾರ್ ಕಲೆಯನ್ನು ಇಷ್ಟಪಡುವವರು ಯಾರು? "ಎಷ್ಟೇ ಕಷ್ಟ ಬಂದರೂ ಕಲೆ ಉಳಿದುಕೊಂಡಿದೆ" ಅಂತ ಬರೆದು ನೋಡಿ. ಕಲೆಯೂ ಉಳಿಯುತ್ತದೆ, ಕಲೆಯೂ ಉಳಿಯುತ್ತದೆ. ಮೂರು ಸಲ ಒಗೆದ ಪಂಚೆ ಕಣ್ಣ ಮುಂದೆ ಬರುತ್ತದೆ. ಇಲ್ಲಿ ದುಡಿಯುತ್ತಿರುವುದು 'ಉಳಿ', ಕಲೆ ಅಲ್ಲ.

ಟ್ರೋಲ್ ತಮ್ಮ

ಅಕ್ಕ, ಪಂಚೆ ಸಾಲನ್ನು ನಾನು ಪೇಜಿಗೆ ಹಾಕಬಹುದಾ?

ಹಳೇ ಡೆಸ್ಕ್

ಹಾಕು. ಉದ್ಧರಣ ಚಿಹ್ನೆ ಹಾಕಿದರೆ ನೋಡು.

ಮೂರನೇ ಅಡ್ಡರಸ್ತೆ

ಅರ್ಥವಾಯಿತು. ಹಾಗಾದರೆ ಗುಂಡಿಗೆ ಯಾವ ಕ್ರಿಯಾಪದ? ಮಧ್ಯಾಹ್ನ ಊಟ ಮಾಡುತ್ತಾ ಪಟ್ಟಿ ಮಾಡಿದೆ. ಮುಚ್ಚುವುದು ರಸ್ತೆಗೆ ಮಾತ್ರ. ಹೊಲಿಯುವುದು ಅಂಗಿಗೆ ಮಾತ್ರ. ಬೀಳುವುದು ಸ್ವಲ್ಪ ಹತ್ತಿರ ಬಂತು. ಅಂಗಿಯ ಗುಂಡಿ ಬಿತ್ತು ಅನ್ನುತ್ತೇವೆ, ರಸ್ತೆಯಲ್ಲಿ ಗುಂಡಿ ಬಿತ್ತು ಅಂತಲೂ ಅನ್ನುತ್ತೇವೆ. "ಒಂದೇ ಮಳೆಗೆ ನಾಲ್ಕು ಗುಂಡಿ ಬಿತ್ತು" ಅಂದರೆ?

ಹಳೇ ಡೆಸ್ಕ್

'ಬೀಳು' ಒಳ್ಳೆಯದು. ಆದರೆ 'ಮಳೆ' ಅಂದ ಕೂಡಲೇ ರಸ್ತೆ ಗೆದ್ದಿತು, ಅಂಗಿ ಓಡಿಹೋಯಿತು. ಸಾಲಿನಲ್ಲಿ ಉಳಿದ ಪದಗಳು ಫೋಟೊದ ಪಕ್ಷಕ್ಕೆ ಹೋಗಬಾರದು. ಸಾಧ್ಯವಾದರೆ ಅಂಗಿಯ ಪಕ್ಷದಲ್ಲಿ ಇರಬೇಕು. ಸಾಲು ಮಾತ್ರ ಓದಿದವರಿಗೆ ಅಂಗಿ ಬಿಟ್ಟು ಬೇರೇನೂ ಹೊಳೆಯಬಾರದು.

ಇನ್ನೊಂದು ಕ್ರಿಯಾಪದ ಇದೆ. ನೀವೇ ಹುಡುಕಿ. ಕೂಲಿಯವರು ಗುಂಡಿ ಏನು ಮಾಡುತ್ತಾರೆ?

ಮೂರನೇ ಅಡ್ಡರಸ್ತೆ

ತೋಡುತ್ತಾರೆ. ಅಗೆಯುತ್ತಾರೆ.

ಓ. ತೆಗೆಯುತ್ತಾರೆ! ಗುಂಡಿ ತೆಗೆಯುತ್ತಾರೆ. ಸೆಕೆಗೆ ಅಂಗಿಯ ಮೇಲಿನ ಗುಂಡಿಯನ್ನೂ ತೆಗೆಯುತ್ತೇವೆ.

ಟ್ರೋಲ್ ತಮ್ಮ

ಬಂತು ನೋಡಿ! "ಅಣ್ಣಾ, ಗುಂಡಿ ತೆಗೆದಿದೆ, ನೋಡ್ಕೊಳ್ಳಿ." ಇಷ್ಟೇ. ಮದುವೆ ಮನೆಯಲ್ಲಿ ಅಂಗಿ ಗುಂಡಿ ಬಿಚ್ಚಿಕೊಂಡು ಓಡಾಡುವವರ ಕಿವಿಯಲ್ಲಿ ಪಿಸುಗುಟ್ಟುವ ಮಾತು. 'ನೋಡ್ಕೊಳ್ಳಿ' ಕೂಡ ಎರಡಕ್ಕೂ ಆಗುತ್ತದೆ. ಅಂಗಿ ನೋಡಿಕೊಳ್ಳಿ, ದಾರಿ ನೋಡಿಕೊಂಡು ಹೋಗಿ.

ಆದರೆ ಒಂದು ವಿಷಯ. ಇದನ್ನು ವಾಟ್ಸಾಪ್‌ನಲ್ಲಿ ಫೋಟೊ ಕೆಳಗೆ ಟೈಪ್ ಮಾಡಿದರೆ ಜೋಕ್ ಸಾಯುತ್ತದೆ. ಅಲ್ಲಿ ಫೋಟೊ ಮೇಲಿರುತ್ತದೆ, ಸಾಲು ಕೆಳಗೆ. ನೋಡುವವನಿಗೆ ಮೊದಲು ಕಾಣುವುದು ರಸ್ತೆ ಗುಂಡಿ. ಆಮೇಲೆ "ಗುಂಡಿ ತೆಗೆದಿದೆ, ನೋಡ್ಕೊಳ್ಳಿ" ಅಂತ ಓದಿದರೆ ಅದು ಬರೀ ಎಚ್ಚರಿಕೆ. "ಸರಿ, ನೋಡಿಕೊಂಡು ಹೋಗುತ್ತೇನೆ" ಅಂತ ಮುಂದೆ ಹೋಗುತ್ತಾನೆ. ಅಂಗಿ ನೆನಪಿಗೇ ಬರುವುದಿಲ್ಲ.

ಅದಕ್ಕೆ ಫೋಟೊ ಮೇಲೆ ಒಂದು ಬಿಳಿ ಪಟ್ಟಿ ಸೇರಿಸಿ, ಸಾಲನ್ನು ಅದರೊಳಗೆ ಬರೆದು, ಒಂದೇ ಚಿತ್ರವಾಗಿ ಕಳಿಸಿ. ಆಗ ಓದು ಮೊದಲು, ನೋಟ ಆಮೇಲೆ. ಒಂದು ಕ್ಷಣ ಅವನ ಕೈ ತನ್ನ ಅಂಗಿಗೆ ಹೋಗಬೇಕು. ಆಮೇಲೆ ಕಣ್ಣು ಕೆಳಗಿಳಿಯಬೇಕು. ಇನ್ನೊಂದು ಲಾಭ ಇದೆ. ಯಾರಾದರೂ ಚಿತ್ರ ಉಳಿಸಿಕೊಂಡು ಸ್ಟೇಟಸ್‌ಗೆ ಹಾಕಿದರೆ ಟೈಪ್ ಮಾಡಿದ ಸಾಲು ಬಿದ್ದುಹೋಗುತ್ತದೆ, ಪಟ್ಟಿಯೊಳಗಿನ ಸಾಲು ಜೊತೆಗೇ ಹೋಗುತ್ತದೆ. ನನ್ನ ಎಷ್ಟೋ ಒಳ್ಳೆಯ ಪೋಸ್ಟ್‌ಗಳು ಬರೀ ಫೋಟೊ ಆಗಿ ಊರು ಸುತ್ತಿವೆ.

ಕನ್ನಡ ಮೇಷ್ಟ್ರು

'ನೋಡಿಕೊಳ್ಳಿ' ಅಂತ ಪೂರ್ತಿ ಬರೆಯಬಹುದಲ್ಲ?

ಟ್ರೋಲ್ ತಮ್ಮ

ಸರ್, ಪಿಸುಗುಟ್ಟುವವರು ಪೂರ್ತಿ ಬರೆಯುವುದಿಲ್ಲ. ಪೂರ್ತಿ ಬರೆದರೆ ಇಲಾಖೆಯ ಫಲಕ ಆಗುತ್ತದೆ, ಆಗ ಮತ್ತೆ ರಸ್ತೆಯ ಪಕ್ಷ ಗೆಲ್ಲುತ್ತದೆ.

ಕನ್ನಡ ಮೇಷ್ಟ್ರು

ಒಪ್ಪಿದೆ. ಈ ಮಾತಿನಲ್ಲಿ ವಿಷಯ ಇದೆ.

ಐದನೇ ಸೆಮ್

ಒಂದು ಪ್ರಶ್ನೆ, ನಗಬೇಡಿ. ಗುಂಡಿ ಅಂದರೆ ಶರ್ಟ್ ಬಟನ್ ಅಂತ ನನಗೆ ಈ ಚರ್ಚೆ ಓದಿದ ಮೇಲೆ ಗೊತ್ತಾಗಿದ್ದು. ನಾನು ಬೆಂಗಳೂರಲ್ಲೇ ಹುಟ್ಟಿ ಬೆಳೆದವಳು, ಮನೆಯಲ್ಲಿ ಕನ್ನಡವೇ. ಆದರೆ ಅಮ್ಮ ಕೂಡ ಬಟನ್ ಅಂತಲೇ ಹೇಳುತ್ತಾರೆ. ಮೊದಲ ಸಾಲು ಓದಿದಾಗ "ಗುಂಡಿ ಒತ್ತುವುದು ಅಂದರೆ ರಸ್ತೆ ರೋಲರ್ ಕೆಲಸ ಇರಬಹುದು" ಅಂದುಕೊಂಡೆ.

ಮೂರನೇ ಅಡ್ಡರಸ್ತೆ

ಅಯ್ಯೋ. ನಮ್ಮ ಗುಂಪಿನಲ್ಲಿ ಅರ್ಧ ಜನ ನಿಮ್ಮ ವಯಸ್ಸಿನವರೇ.

ಹಳೇ ಡೆಸ್ಕ್

ಈ ಹುಡುಗಿ ಹೇಳಿದ್ದು ಇಲ್ಲಿಯವರೆಗಿನ ಮಾತುಗಳಲ್ಲೇ ದೊಡ್ಡದು. ಫೋಟೊ ಎರಡನೇ ಅರ್ಥವನ್ನು ಎದುರಿಗೆ ತಂದು ನಿಲ್ಲಿಸಬಹುದು ಅಷ್ಟೇ. ಮೊದಲನೇ ಅರ್ಥ ಓದುವವರ ಬಾಯಲ್ಲಿ ದಿನಾ ಓಡಾಡುತ್ತಿರಬೇಕು. ಗುಂಡಿ ಅನ್ನುವ ಪದದಲ್ಲಿ ರಸ್ತೆಯ ಅರ್ಥ ಗಟ್ಟಿಯಾಗಿದೆ, ಅಂಗಿಯ ಅರ್ಥ ಊರಲ್ಲಿ ಸವೆಯುತ್ತಿದೆ. ಪತ್ರಿಕೆಯಲ್ಲಿ ನಾವು ಇದಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಓದುವವರೆಲ್ಲ ನಮ್ಮ ವಯಸ್ಸಿನವರೇ ಇರುತ್ತಿದ್ದರು.

ರಾಜಕೀಯ ಪುಟದಲ್ಲಿ "ಕೈ ಕೊಟ್ಟ" ಅನ್ನುವ ತಲೆಬರಹ ಎಷ್ಟು ಸಲ ಹಾಕಿದ್ದೇವೋ ಲೆಕ್ಕವಿಲ್ಲ. ಅದಕ್ಕೆ ಫೋಟೊನೇ ಬೇಕಿರಲಿಲ್ಲ. ಪಕ್ಷದ ಚಿಹ್ನೆ ಓದುಗರ ತಲೆಯೊಳಗೇ ಅಚ್ಚಾಗಿತ್ತು. ಕೊನೆಕೊನೆಗೆ ಯಾರೂ ನಗುತ್ತಿರಲಿಲ್ಲ, ನಾವು ಮಾತ್ರ ಬಿಡಲಿಲ್ಲ.

ಹುಬ್ಬಳ್ಳಿ ಗಿರ್ಮಿಟ್

ನಮ್ಮ ಕಡೆ ಸಮಸ್ಯೆ ಉಲ್ಟಾ. ಅಂಗಿಗೆ ಗುಂಡಿ ಅಂತಲೇ ಅಂತೀವಿ. ರಸ್ತೆಯಲ್ಲಿ ಬೀಳೋದು ಮಾತ್ರ ತೆಗ್ಗು. "ತೆಗ್ಗು ಬಿದ್ದಾವ, ಗಾಡಿ ಹಗೂರ ಹೊಡಿ" ಅಂತೀವಿ. ಹಾಗಾಗಿ ನಿಮ್ಮ ಬಿಳಿ ಪಟ್ಟಿ ಓದಿ ನಾನು ಅಂಗಿ ನೋಡಿಕೊಳ್ಳುತ್ತೇನೆ, ಫೋಟೊ ನೋಡುತ್ತೇನೆ, ತೆಗ್ಗು ಕಾಣುತ್ತದೆ. ಎರಡಕ್ಕೂ ಸಂಬಂಧ ಹತ್ತಲು ಎರಡು ಸೆಕೆಂಡ್ ಬೇಕು. ಪತ್ರಿಕೆ ಓದಿ ಗುಂಡಿ ಗೊತ್ತು, ಇಲ್ಲ ಅನ್ನುವುದಿಲ್ಲ. ಆದರೆ ಎರಡು ಸೆಕೆಂಡ್ ಯೋಚನೆ ಮಾಡಿ ನಕ್ಕರೆ ಅದೇನು ನಗು?

ಟ್ರೋಲ್ ತಮ್ಮ

ಇದಕ್ಕೆ ನನ್ನ ಹತ್ತಿರ ಒಂದು ಪರೀಕ್ಷೆ ಇದೆ. ಸಾಲು ತೋರಿಸಬೇಡಿ. ಫೋಟೊ ಮಾತ್ರ ಮೂರು ಜನರಿಗೆ ತೋರಿಸಿ "ಇದೇನು?" ಅಂತ ಕೇಳಿ. ಅವರ ಬಾಯಿಂದ ಬರುವ ಮೊದಲ ಪದ ನಿಮ್ಮ ಜೋಕಿನ ಪದವೇ ಆಗಿರಬೇಕು. ಬೇರೆ ಪದ ಬಂದರೆ ಫೋಟೊ ಸರಿ ಇಲ್ಲ, ಇಲ್ಲವೇ ಪದ ಆ ಜನರದ್ದಲ್ಲ. ಮೂರನೇ ಅಡ್ಡರಸ್ತೆಯವರೇ, ಮಾಡಿ ನೋಡಿ ಹೇಳಿ.

ಮೂರನೇ ಅಡ್ಡರಸ್ತೆ

ಮಾಡಿದೆ. ಹೆಂಡತಿಗೆ ತೋರಿಸಿದರೆ "ನಮ್ಮ ಬೀದಿ" ಅಂದಳು. ಮಗ "ನಾಯಿ" ಅಂದ. ಮೂಲೆಯಲ್ಲಿ ಒಂದು ಮಲಗಿತ್ತು, ನಾನು ನೋಡಿಯೇ ಇರಲಿಲ್ಲ. ಎದುರು ಮನೆಯವರು "ಪೈಪ್ ಕೆಲಸ" ಅಂದರು. ಒಬ್ಬರ ಬಾಯಲ್ಲೂ ಗುಂಡಿ ಬರಲಿಲ್ಲ!

ಆಮೇಲೆ ಫೋಟೊ ಕತ್ತರಿಸಿದೆ. ನಾಯಿ, ಸ್ಕೂಟರ್, ನೀಲಿ ಪೈಪ್ ಎಲ್ಲ ತೆಗೆದೆ. ಸುತ್ತ ಸ್ವಲ್ಪ ಡಾಂಬರು, ನಡುವೆ ಗುಂಡಿ. ಬೇರೆ ಮೂವರಿಗೆ ತೋರಿಸಿದೆ. ಇಬ್ಬರು "ಗುಂಡಿ" ಅಂದರು. ಮೂರನೆಯವರು ಮೇಲಿನ ಮನೆಯ ಬಾಡಿಗೆದಾರರು, ಧಾರವಾಡದವರು. ಏನಂದರು ಅಂತ ಹೇಳಬೇಕಾ?

ಹುಬ್ಬಳ್ಳಿ ಗಿರ್ಮಿಟ್

ತೆಗ್ಗು.

ಮೂರನೇ ಅಡ್ಡರಸ್ತೆ

ತೆಗ್ಗು.

ಕನ್ನಡ ಮೇಷ್ಟ್ರು

ಬಾಡಿಗೆದಾರರು ಅಂದಿರಿ, ನೆನಪಾಯಿತು. ಇಡೀ ಪದ ಎರಡರ್ಥ ಕೊಡುವುದು ಒಂದು ಬಗೆ. ಪದವನ್ನು ಒಡೆದರೆ ಇನ್ನೊಂದು ಅರ್ಥ ಬರುವುದು ಇನ್ನೊಂದು ಬಗೆ, ಅದನ್ನು ಸಭಂಗ ಶ್ಲೇಷೆ ಅನ್ನುತ್ತಾರೆ. ಕನ್ನಡದ 'ಗೆ' ಪ್ರತ್ಯಯ ಇದಕ್ಕೆ ಬಂಗಾರದ ಗಣಿ. ಹೋಳಿಗೆ ಒಂದು ತಿಂಡಿ, ಹೋಳಿ ಹಬ್ಬಕ್ಕೂ ಹೋಳಿಗೆ. ಮಾತ್ರೆಯೂ ಗುಳಿಗೆ, ಗುಳಿಯೊಳಗೆ ಬಿದ್ದರೂ ಗುಳಿಗೆ. ಎದೆಗಾರಿಕೆಗೆ ಗುಂಡಿಗೆ ಅನ್ನುತ್ತೇವೆ, ನಿಮ್ಮ ರಸ್ತೆಯಲ್ಲಿ ಸ್ಕೂಟರ್ ಹೋಗುವುದೂ ಗುಂಡಿಗೇ. "ಈ ದಾರಿಯಲ್ಲಿ ಬರಲು ಗುಂಡಿಗೆ ಬೇಕು" ಅಂತ ಹಾಕಿ. ಅಂಗಿ, ಬಟನ್ ಯಾವ ತಾಪತ್ರಯವೂ ಇಲ್ಲ.

ಐದನೇ ಸೆಮ್

ಇದು ನನಗೆ ತಕ್ಷಣ ಹೊಳೆಯಿತು! ಹಾಗಾದರೆ ಬಾಡಿಗೆ ಕೂಡ ಆಗುತ್ತದೆ ಅಲ್ವಾ? ನನ್ನ ಅಣ್ಣ ಜಿಮ್‌ಗೆ ಹೋಗುತ್ತಾನೆ, ಪ್ರೋಟೀನ್ ಡಬ್ಬಿ ಜೊತೆ ನಿಂತ ಫೋಟೊ ಇದೆ. "ತಿಂಗಳಿಗೆ ಬಾಡಿಗೆ ಎಂಟು ಸಾವಿರ."

ಹಳೇ ಡೆಸ್ಕ್

ಶಭಾಷ್. ಈ ಸಾಲು ಪೂರ್ತಿ ನಿಲ್ಲುತ್ತದೆ. ಮನೆ ಬಾಡಿಗೆ ಅಂತ ಓದಿದರೂ ವಾಕ್ಯ ಸರಿ, 'ಬಾಡಿ'ಗೆ ಅಂತ ಓದಿದರೂ ವಾಕ್ಯ ಸರಿ. ಒಂದಕ್ಷರ ಅಲ್ಲಾಡಿಸಬೇಕಾಗಿಲ್ಲ.

ಮೇಷ್ಟ್ರೇ, ನಿಮ್ಮ ಗುಂಡಿಗೆ ಸಾಲು ಹಾಗಲ್ಲ. ಎದೆಗಾರಿಕೆ ಅಂತ ಓದಿದರೆ ಸರಿ ಇದೆ. ಗುಂಡಿ ಮತ್ತು ಗೆ ಅಂತ ಒಡೆದರೆ "ಬರಲು ಗುಂಡಿಗೆ ಬೇಕು", ಏನು ಬೇಕು? ವಾಕ್ಯ ಮುಗಿಯುವುದಿಲ್ಲ. ಒಡೆಯುವ ಪದಗಳಲ್ಲಿ ಈ ಕಾಟ ಇದ್ದೇ ಇರುತ್ತದೆ. "ಹೋಳಿಗೆ ಕಾಯುತ್ತಿದ್ದೇನೆ" ಅಂದರೆ ಹಬ್ಬಕ್ಕೆ ಮಾತ್ರ ಆಯಿತು, ತಿಂಡಿಗೆ "ಹೋಳಿಗೆಗೆ" ಅನ್ನಬೇಕು. "ಹೋಳಿಗೆ ತುಪ್ಪ ತಂದಿದ್ದೇನೆ" ಅಂದರೆ ಎರಡಕ್ಕೂ ಆಗುತ್ತದೆ. ನಿಮ್ಮ ಗುಳಿಗೆಯನ್ನೂ ಹಾಗೆ ಉಳಿಸಬಹುದು. ವೈದ್ಯರ ಚೀಟಿಯ ಹಾಗೆ "ಬೆಳಿಗ್ಗೆ ಒಂದು ಗುಳಿಗೆ, ರಾತ್ರಿ ಒಂದು ಗುಳಿಗೆ." ಫೋಟೊದಲ್ಲಿ ಹೊಂಡ ಬಿದ್ದ ರಸ್ತೆ.

ಕನ್ನಡ ಮೇಷ್ಟ್ರು

ಗುಳಿಗೆ ಚೆನ್ನಾಗಿದೆ. ಗುಂಡಿಗೆ ಬಗ್ಗೆ ನಾನು ಸೋಲುವುದಿಲ್ಲ. ಎರಡನೇ ಅರ್ಥದಲ್ಲಿ ವ್ಯಾಕರಣ ಪೂರ್ತಿಯಾಗಬೇಕು ಅಂತ ಯಾವ ಶಾಸ್ತ್ರ ಹೇಳುತ್ತದೆ? ಕಿವಿಗೆ ತಾಗಿದರೆ ಸಾಕು.

ಹಳೇ ಡೆಸ್ಕ್

ನೀವು ಶಾಸ್ತ್ರ ಬಿಟ್ಟು ಕಿವಿಯ ಕಡೆ ಬಂದಿದ್ದೀರಿ, ನಾನು ವ್ಯಾಕರಣ ಹಿಡಿದು ಕೂತಿದ್ದೇನೆ. ಬೆಳಿಗ್ಗೆ ಹೀಗಿರಲಿಲ್ಲ!

ಟ್ರೋಲ್ ತಮ್ಮ

ನನ್ನ ಅನುಭವದಲ್ಲಿ ಮೇಷ್ಟ್ರು ಹೇಳಿದಂಥವು ಓಡುತ್ತವೆ, ಅಕ್ಕ ಹೇಳಿದಂಥವು ಉಳಿಯುತ್ತವೆ. ಅರ್ಧ ನಿಲ್ಲುವ ಸಾಲಿಗೆ ಲೈಕ್ ಬರುತ್ತದೆ. ಪೂರ್ತಿ ನಿಲ್ಲುವ ಸಾಲನ್ನು ಜನ ಬೇರೆಯವರಿಗೆ ಕಳಿಸುತ್ತಾರೆ.

ಕಿವಿಯಿಂದ ಓದುವವ

ನನಗೆ ಕಣ್ಣು ಕಾಣುವುದಿಲ್ಲ. ಫೋನಿನ ಟಾಕ್‌ಬ್ಯಾಕ್ ಓದಿ ಹೇಳುತ್ತದೆ. ಈ ಚರ್ಚೆ ಕೇಳುತ್ತಾ ಒಂದು ಮಾತು ಹೇಳಬೇಕು ಅನಿಸಿತು.

ಟೈಪ್ ಮಾಡಿದ ಸಾಲು ನನಗೆ ಕೇಳಿಸುತ್ತದೆ. ಪಟ್ಟಿಯೊಳಗೆ ಚಿತ್ರವಾಗಿ ಬರೆದ ಸಾಲು ಬಹಳ ಸಲ ಕೇಳಿಸುವುದೇ ಇಲ್ಲ, "ಚಿತ್ರ" ಅಂದು ಸುಮ್ಮನಾಗುತ್ತದೆ. ಟೈಪ್ ಮಾಡಿದ್ದರೂ ನನಗೆ ಸಿಗುವುದು ಒಂದೇ ಅರ್ಥ. "ಅಣ್ಣಾ, ಗುಂಡಿ ತೆಗೆದಿದೆ" ಅಂತ ಬಂದರೆ ನಿಜವಾಗಿ ಅಂಗಿ ಮುಟ್ಟಿ ನೋಡಿಕೊಳ್ಳುತ್ತೇನೆ, ಅಷ್ಟಕ್ಕೇ ಮುಗಿಯಿತು. ಉಳಿದವರು ಯಾಕೆ ನಕ್ಕರು ಅಂತ ಆಮೇಲೆ ಕೇಳಬೇಕು.

ಕೆಲವು ಒಳ್ಳೆಯವರು ಚಿತ್ರಕ್ಕೆ ವಿವರಣೆ ಬರೆಯುತ್ತಾರೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಅದಕ್ಕೆ ಜಾಗವೂ ಇದೆ. ಆದರೆ ಅವರು "ರಸ್ತೆಯಲ್ಲಿ ಗುಂಡಿ ತೆಗೆದಿರುವ ಚಿತ್ರ, ಇಲ್ಲಿ ಗುಂಡಿ ಎಂದರೆ ಬಟನ್ ಎಂದೂ ಅರ್ಥ" ಅಂತ ಬರೆದುಬಿಡುತ್ತಾರೆ. ಜೋಕನ್ನು ಅಗಿದು ಬಾಯಿಗೆ ಇಟ್ಟ ಹಾಗೆ.

ಹಳೇ ಡೆಸ್ಕ್

ಇದು ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಹೇಗೆ ಬರೆಯಬೇಕು?

ಕಿವಿಯಿಂದ ಓ​ದುವವ

ಒಂದೇ ನಿಯಮ. ಜೋಕಿನ ಪದವನ್ನು ವಿವರಣೆಯಲ್ಲಿ ತರಬೇಡಿ. "ಪೈಪ್ ಹಾಕಲು ರಸ್ತೆ ಅಗೆದು ಹಾಗೇ ಬಿಟ್ಟಿದ್ದಾರೆ, ಆಳ ಮೊಣಕಾಲುದ್ದ" ಅಂತ ಬರೆಯಿರಿ. ನಾನು ಮೊದಲು ಸಾಲು ಕೇಳುತ್ತೇನೆ, ಅಂಗಿ ಮುಟ್ಟುತ್ತೇನೆ, ಆಮೇಲೆ ವಿವರಣೆ ಕೇಳುತ್ತೇನೆ. ಅಗೆದ ರಸ್ತೆಯಿಂದ ಗುಂಡಿಯವರೆಗೆ ನಾನೇ ನಡೆದು ಹೋಗುತ್ತೇನೆ. ಬೀಳುವುದಿಲ್ಲ, ಹೆದರಬೇಡಿ.

ವಾಟ್ಸಾಪ್ ಗುಂಪಿನಲ್ಲಾದರೆ ಚಿತ್ರದ ಕೆಳಗೆ ಸಾಲನ್ನು ಇನ್ನೊಮ್ಮೆ ಟೈಪ್ ಮಾಡಿ, ಅದರ ಕೆಳಗೆ ಈ ವಿವರಣೆ ಹಾಕಿ. ನೋಡುವವರು ಅಲ್ಲಿಗೆ ಬರುವ ಹೊತ್ತಿಗೆ ನಕ್ಕಿರುತ್ತಾರೆ, ಅವರಿಗೇನೂ ನಷ್ಟ ಇಲ್ಲ.

ಟ್ರೋಲ್ ತಮ್ಮ

ನಾಳೆಯಿಂದ ಪೇಜಿನಲ್ಲಿ ಹೀಗೇ ಮಾಡುತ್ತೇನೆ. ನಾಲ್ಕು ವರ್ಷದಿಂದ ಒಬ್ಬರೂ ನನಗೆ ಇದನ್ನು ಹೇಳಿರಲಿಲ್ಲ.

ಹುಬ್ಬಳ್ಳಿ ಗಿರ್ಮಿಟ್

ನಾನು ಇಷ್ಟು ಹೊತ್ತು ತೆಗ್ಗಿಗೆ ಒಂದು ಸಾಲು ಹುಡುಕುತ್ತಿದ್ದೆ. ನಮಗೂ ಒಂದು ಬೇಡವಾ? ಬರೆಯುವಾಗ ತಗ್ಗು ಅಂತ ಬರೆಯುತ್ತೇವೆ. ತಗ್ಗು ಅಂದರೆ ಕಡಿಮೆಯಾಗು ಅಂತಲೂ ಇದೆ. "ನಮ್ಮ ಓಣಿಯಲ್ಲಿ ಅಭಿವೃದ್ಧಿ ಕೆಲಸ ನಡೆದೇ ಇದೆ. ಎಲ್ಲೂ ತಗ್ಗಿಲ್ಲ." ಕಡಿಮೆಯಾಗಿಲ್ಲ ಅಂತಲೂ ಆಯಿತು, ತಗ್ಗು ಇಲ್ಲ ಅಂತಲೂ ಆಯಿತು. ಕೆಳಗೆ ಒಂದು ದೊಡ್ಡ ತೆಗ್ಗಿನ ಫೋಟೊ.

ಕನ್ನಡ ಮೇಷ್ಟ್ರು

ತಗ್ಗು ಇಲ್ಲ, ತಗ್ಗಿಲ್ಲ. ಒಡೆದರೂ ಕೂಡಿದರೂ ನಿಲ್ಲುತ್ತದೆ! ಇದು ನನ್ನ ಗುಂಡಿಗೆಗಿಂತ ಮೇಲು ಅಂತ ಒಪ್ಪುತ್ತೇನೆ.

ಹಳೇ ಡೆಸ್ಕ್

ಇನ್ನೊಂದು ಸೊಗಸು ಇದೆ. ನಾವು ಇಲ್ಲಿಯವರೆಗೆ ಮಾಡಿದ ಸಾಲುಗಳಲ್ಲಿ ಫೋಟೊ ಎರಡನೇ ಅರ್ಥವನ್ನು ಹೌದು ಅನ್ನುತ್ತಿತ್ತು. ಇಲ್ಲಿ ಸಾಲು "ಇಲ್ಲ" ಅನ್ನುತ್ತದೆ, ಫೋಟೊ "ಇದೆ" ಅನ್ನುತ್ತದೆ. ಶ್ಲೇಷೆಯ ಮೇಲೆ ಕೊಂಕು ಕೂತಿದೆ. ಆದರೆ 'ಅಭಿವೃದ್ಧಿ ಕೆಲಸ' ತೆಗೆದುಹಾಕಿ, ಭಾಷಣದ ವಾಸನೆ ಬರುತ್ತದೆ. "ನಮ್ಮ ಓಣಿಯಲ್ಲಿ ಕೆಲಸ ಎಲ್ಲೂ ತಗ್ಗಿಲ್ಲ." ಅಷ್ಟೇ ಸಾಕು.

ಹುಬ್ಬಳ್ಳಿ ಗಿರ್ಮಿಟ್

ಸಾಕು. ಆದರೆ ಒಂದು ಕೊರತೆ ಉಳಿಯಿತು. ಫೋಟೊ ನೋಡಿದ ಕೂಡಲೇ ನಮ್ಮ ಬಾಯಲ್ಲಿ ಬರುವುದು ತೆಗ್ಗು, ಸಾಲಿನಲ್ಲಿರುವುದು ತಗ್ಗು. ಆ 'ತೆ' ಮತ್ತು 'ತ' ನಡುವೆ ಸ್ವಲ್ಪ ಎಡವುತ್ತದೆ. 'ತೆಗ್ಗಿಲ್ಲ' ಅಂತ ಬರೆದರೆ ಕಡಿಮೆಯಾಗಿಲ್ಲ ಅನ್ನುವ ಅರ್ಥವೇ ಹೋಗುತ್ತದೆ.

ಐದನೇ ಸೆಮ್

ನನಗೆ ಇದು ಅರ್ಥವಾಯಿತು, ಆದರೆ ನಗು ಬರಲಿಲ್ಲ. ಕ್ಷಮಿಸಿ. ಬಾಡಿಗೆ ಪೋಸ್ಟ್ ಮಾತ್ರ ಅಣ್ಣನಿಗೆ ಕಳಿಸಿದೆ, ಬ್ಲಾಕ್ ಮಾಡಿದ್ದಾನೆ.

ಮೂರನೇ ಅಡ್ಡರಸ್ತೆ

ನನ್ನ ವರದಿ. ಭಾನುವಾರ ಬೆಳಿಗ್ಗೆ ಕತ್ತರಿಸಿದ ಫೋಟೊ, ಮೇಲೆ ಬಿಳಿ ಪಟ್ಟಿ, "ಅಣ್ಣಾ, ಗುಂಡಿ ತೆಗೆದಿದೆ, ನೋಡ್ಕೊಳ್ಳಿ" ಅಂತ ಹಾಕಿದೆ. ಕೆಳಗೆ ಅದೇ ಸಾಲು, ಅದರ ಕೆಳಗೆ ಗುಂಡಿ ಅನ್ನದೆ ಒಂದು ವಿವರಣೆ. ಮೊದಲ ಉತ್ತರ ಐವತ್ತು ದಾಟಿದ ಎದುರು ಮನೆಯವರದ್ದು: "ಹಾಕ್ಕೊಂಡೆ, ಥ್ಯಾಂಕ್ಸ್." ಆಮೇಲೆ ಶುರುವಾಯಿತು ನೋಡಿ. ಒಬ್ಬರು "ತೆಗೆದವರು ಹಾಕೋದು ಯಾವಾಗ?" ಅಂದರು. ಇನ್ನೊಬ್ಬರು "ನಮ್ಮ ಮನೆ ಮುಂದೆ ಮೂರು ತೆಗೆದಿದೆ, ಮರ್ಯಾದೆ ಹೋಯ್ತು" ಅಂದರು. ಜೋಕ್ ನನ್ನ ಕೈ ಬಿಟ್ಟು ಅವರ ಕೈಗೆ ಹೋಯಿತು. ಚಿಕ್ಕ ವಯಸ್ಸಿನವರು ಮಾತ್ರ ಸುಮ್ಮನಿದ್ದರು. ಅವರಲ್ಲಿ ಒಬ್ಬ "ಯಾವ ಅಣ್ಣನಿಗೆ?" ಅಂತ ಕೇಳಿದ.

ನಾಗರಿಕ ಪ್ರಜ್ಞೆ

ಎಲ್ಲ ಓದಿದೆ. ಕೊನೆಗೆ ಗುಂಡಿ ಮುಚ್ಚಿದರಾ?

ಮೂರನೇ ಅಡ್ಡರಸ್ತೆ

ಇಲ್ಲ ಸರ್. ನಿನ್ನೆ ರಾತ್ರಿ ಜೋರು ಮಳೆ. ಪೂರ್ತಿ ನೀರು ತುಂಬಿದೆ. ಬೆಳಿಗ್ಗೆ ಹೊಸ ಫೋಟೊ ತೆಗೆದು ಮತ್ತೆ ಮೂವರಿಗೆ ತೋರಿಸಿದೆ. ಮೂವರೂ "ಕೆರೆ" ಅಂದರು. ಸಾಲು ಹೊಸದಾಗಿ ಹುಡುಕಬೇಕು.

ಕನ್ನಡ ಮೇಷ್ಟ್ರು

'ಕೆರೆ' ಕ್ರಿಯಾಪದವೂ ಹೌದು. ಸೊಳ್ಳೆ ಬಂದಿವೆಯಾ?